‘ಅಭಿಪ್ರಾಯ ಕಾಯ್ದಿರಿಸಲಾಗಿದೆ’: ಶವಪರೀಕ್ಷೆ ವರದಿಯನ್ನು ಮನೆಯವರು ಓದುವುದು ಹೇಗೆ

2026ರ ಜನವರಿ ಮೊದಲ ವಾರದ ಒಂದು ರಾತ್ರಿ ಬೆಂಗಳೂರಿನ ರಾಮಮೂರ್ತಿ ನಗರದ ಬಾಡಿಗೆ ಮನೆಯೊಂದರಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಯುವತಿ ಶವವಾಗಿ ಸಿಕ್ಕರು. ಬೆಂಕಿ ಬಿದ್ದಿದೆ, ಹೊಗೆ ತುಂಬಿದೆ, ಉಸಿರುಗಟ್ಟಿ ಸತ್ತಿದ್ದಾರೆ ಎಂಬುದೇ ಆ ಹೊತ್ತಿಗೆ ಎಲ್ಲರಿಗೂ ತೋಚಿದ್ದು. ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡರು. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಅದೇ ಪ್ರಕರಣ ಕೊಲೆಯ ಪ್ರಕರಣವಾಗಿ, ನೆರೆಮನೆಯ ಯುವಕನೊಬ್ಬನ ಬಂಧನವಾಯಿತು. ಆತ ಮನೆಯೊಳಗೆ ನುಗ್ಗಿ, ಆಕೆ ಪ್ರತಿರೋಧಿಸಿದಾಗ ಬಾಯಿ ಮೂಗು ಅದುಮಿ, ಆಮೇಲೆ ಸಾಕ್ಷ್ಯ ಉಳಿಯದಂತೆ ಹಾಸಿಗೆಯ ಮೇಲೆ ಬೆಂಕಿ ಹಚ್ಚಿದ ಎಂಬುದು ಪೊಲೀಸರ ಆರೋಪ. ಅದು ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ಆ ಹೆಣ್ಣುಮಗಳ ಹೆಸರು ಈ ಬರಹಕ್ಕೆ ಬೇಕಿಲ್ಲ.

ಬೇಕಾಗಿರುವುದು ಆ ಒಂದು ವಾರ. ಹೊಗೆಯಿಂದ ಸಾವು ಎಂದು ಮೊದಲ ದಿನ ಕೇಳಿದ್ದನ್ನೇ ಕೊನೆಯ ಮಾತೆಂದು ನಂಬಿ, ಅಂತ್ಯಕ್ರಿಯೆ ಮುಗಿಸಿ ಊರಿಗೆ ಹೋಗಿಬಿಡುವ ಮನೆಗಳು ಎಷ್ಟೋ ಇರುತ್ತವೆ. ಅಂಥ ಮನೆಗೆ ಕೆಲವು ವಾರಗಳ ನಂತರ ನಾಲ್ಕೈದು ಪುಟಗಳ ಶವಪರೀಕ್ಷೆ ವರದಿಯ ಪ್ರತಿ ಬರುತ್ತದೆ. ಇಂಗ್ಲಿಷಿನಲ್ಲಿ, ಅರ್ಧ ಕೈಬರಹದಲ್ಲಿ, ವೈದ್ಯರ ಪದಗಳಲ್ಲಿ. ಮನೆಯವರು ನೇರವಾಗಿ ಕೊನೆಯ ಸಾಲಿಗೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಬಹಳ ಸಲ ಕಾರಣವೇ ಇರುವುದಿಲ್ಲ. ‘ಒಪೀನಿಯನ್ ರಿಸರ್ವ್ಡ್’ ಎಂದಿರುತ್ತದೆ. ಏನೂ ಸಿಗಲಿಲ್ಲ ಅಂತೆ ಎಂದು ಕಾಗದ ಮಡಚಿಡುತ್ತಾರೆ. ಆ ಸಾಲಿನ ಅರ್ಥ ಅದಲ್ಲ. ಅಭಿಪ್ರಾಯವನ್ನು ಕಾಯ್ದಿರಿಸಿದ್ದೇನೆ, ಇನ್ನೂ ಕೆಲವು ಪರೀಕ್ಷೆಗಳ ಫಲಿತಾಂಶ ಬರಬೇಕು ಎಂದು ವೈದ್ಯರು ಹೇಳುತ್ತಿದ್ದಾರೆ. ಕಡತ ತೆರೆದೇ ಇದೆ ಎಂದು ಮನೆಯವರಿಗೆ ಹೇಳುವ ಸಾಲು ಅದು.

ಶವಪರೀಕ್ಷೆಗೆ ಮುಂಚೆ ಒಂದು ಪಂಚನಾಮೆ ಇರುತ್ತದೆ. ಮನೆಯವರು ಅಲ್ಲಿಂದಲೇ ಓದಲು ಶುರುಮಾಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಇದಕ್ಕೆ ಆಧಾರ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 174ನೇ ಕಲಂ ಆಗಿತ್ತು. ಆತ್ಮಹತ್ಯೆ, ಅಪಘಾತ, ಅಥವಾ ಅನುಮಾನಕ್ಕೆ ಎಡೆಮಾಡುವ ಯಾವುದೇ ಸಾವಿನ ಸುದ್ದಿ ಬಂದರೆ ಠಾಣಾಧಿಕಾರಿ ಸ್ಥಳಕ್ಕೆ ಹೋಗಬೇಕು, ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರು ಶವವನ್ನು ನೋಡಬೇಕು, ಗಾಯ, ಸುಟ್ಟ ಗುರುತು, ಮೂಳೆ ಮುರಿತ ಏನಿದ್ದರೂ ಬರೆದು, ಯಾವ ಆಯುಧದಿಂದ ಹೇಗೆ ಆಗಿರುವಂತೆ ಕಾಣುತ್ತದೆ ಎಂದು ದಾಖಲಿಸಬೇಕು. ಆ ವರದಿ 24 ಗಂಟೆಯೊಳಗೆ ದಂಡಾಧಿಕಾರಿಗೆ ಹೋಗಬೇಕೆಂಬುದು ಹೊಸ ಕಾನೂನು ಸೇರಿಸಿದ ಮಾತು. ಠಾಣೆಯಲ್ಲಿ ಇಂಥ ಅಸಹಜ ಸಾವಿನ ಪ್ರಕರಣಕ್ಕೆ ಯುಡಿಆರ್ ಎನ್ನುತ್ತಾರೆ. ಅದಕ್ಕೊಂದು ಸಂಖ್ಯೆ ಇರುತ್ತದೆ. ಮುಂದಿನ ಎಲ್ಲ ಕಾಗದಗಳನ್ನೂ ಹುಡುಕಲು ಬೇಕಾಗುವುದು ಆ ಸಂಖ್ಯೆಯೇ.

ಪಂಚನಾಮೆಯ ಮಿತಿಯನ್ನು ಸುಪ್ರೀಂ ಕೋರ್ಟ್ ಹಿಂದೆಯೇ ಸ್ಪಷ್ಟಪಡಿಸಿದೆ. ಯಾರು ಹೊಡೆದರು, ಯಾರು ನೋಡಿದರು ಎಂಬ ವಿವರ ಅದರಲ್ಲಿ ಇರಬೇಕಾಗಿಲ್ಲ. ಮೇಲ್ನೋಟಕ್ಕೆ ಸಾವು ಹೇಗಾಗಿದೆ ಎಂಬುದಷ್ಟೇ ಅದರ ಕೆಲಸ. ಹಾಗಾಗಿ ಅದರಲ್ಲಿ ಆರೋಪಿಯ ಹೆಸರಿಲ್ಲವೆಂದು ಮನೆಯವರು ಗಾಬರಿಯಾಗಬೇಕಿಲ್ಲ. ನೋಡಬೇಕಾದದ್ದು ಶವದ ವಿವರ. ಪಂಚನಾಮೆಯಲ್ಲಿ ತುಟಿಯ ಗಾಯ ಇದೆ, ಶವಪರೀಕ್ಷೆಯಲ್ಲಿ ಇಲ್ಲ. ಅಥವಾ ವೈದ್ಯರು ಮುಂಗೈ ಮೇಲೆ ನಾಲ್ಕು ಗಾಯ ಎಣಿಸಿದ್ದಾರೆ, ಪಂಚನಾಮೆ ‘ಯಾವುದೇ ಗಾಯ ಇರುವುದಿಲ್ಲ’ ಎನ್ನುತ್ತದೆ. ಇಂಥ ವ್ಯತ್ಯಾಸ ಕಂಡರೆ ಗುರುತು ಹಾಕಿಕೊಳ್ಳಬೇಕು. ಪಂಚರಿಗೆ ಒಳಗಿನ ಪೆಟ್ಟು ಕಾಣುವುದಿಲ್ಲ, ಮಂದ ಬೆಳಕಿನಲ್ಲಿ ಸಣ್ಣ ಗಾಯ ತಪ್ಪಿಹೋಗಬಹುದು. ಎಲ್ಲ ವ್ಯತ್ಯಾಸವೂ ಮೋಸವಲ್ಲ. ಆದರೆ ಎಲ್ಲಕ್ಕೂ ಉತ್ತರ ಕೇಳಬಹುದು.

ಇನ್ನೊಂದು ಕಾಗದದ ಬಗ್ಗೆ ನಾನು ಸ್ವಲ್ಪ ಒತ್ತಿ ಹೇಳಬೇಕು. ಸತ್ತವರ ಅಪ್ಪನೋ ಅಣ್ಣನೋ ಆ ರಾತ್ರಿ ಠಾಣೆಯಲ್ಲಿ ದೂರು ಕೊಡುತ್ತಾರೆ. ನಿದ್ದೆಯಿಲ್ಲ, ಊರಿಂದ ಬಸ್ಸಿನಲ್ಲೋ ಕಾರಿನಲ್ಲೋ ಓಡಿಬಂದಿದ್ದಾರೆ, ಶವ ಬೇಗ ಸಿಕ್ಕರೆ ಸಾಕಾಗಿದೆ. ಬರೆದುಕೊಟ್ಟ ದೂರಿನ ಕೊನೆಯಲ್ಲಿ ರೂಢಿಯ ಒಂದು ಸಾಲು ಬಂದಿರುತ್ತದೆ: ಮೃತರ ಸಾವಿನಲ್ಲಿ ಬೇರೆ ಯಾವುದೇ ಅನುಮಾನ ಇರುವುದಿಲ್ಲ. ಕರ್ನಾಟಕದ ಜಿಲ್ಲೆಗಳ ಪೊಲೀಸ್ ಪ್ರಕಟಣೆಗಳಲ್ಲಿ ಈ ಸಾಲು ಮತ್ತೆ ಮತ್ತೆ ಸಿಗುತ್ತದೆ. ನಿಜವಾಗಿ ಅನುಮಾನ ಇಲ್ಲದಿದ್ದರೆ ಸರಿ. ಆದರೆ ಅವರಿಗೆ ಗೊತ್ತಿರುವುದು ಅಷ್ಟೇ: ಮಗಳು ಸತ್ತಳು, ಹೇಗೆಂದು ತಿಳಿಯದು. ಹಾಗಿದ್ದಾಗ ಬರೆಯಬೇಕಾದದ್ದೂ ಅಷ್ಟೇ: ಸಾವಿನ ಕಾರಣ ನಮಗೆ ತಿಳಿದಿಲ್ಲ, ಪತ್ತೆ ಮಾಡಿ. ಯಾರ ಮೇಲೂ ಬೆರಳು ತೋರಿಸಬೇಕಿಲ್ಲ. ಸಾವಿನ ಕಾರಣದ ಬಗ್ಗೆ ಸಂಶಯವಿದ್ದರೆ ಶವವನ್ನು ಪರೀಕ್ಷೆಗೆ ಕಳುಹಿಸಬೇಕೆಂದು 194ನೇ ಕಲಮೇ ಹೇಳುತ್ತದೆ. ಸಂಶಯವಿಲ್ಲ ಎಂದು ಮನೆಯವರೇ ಸಹಿ ಹಾಕಿದ ಮೇಲೆ, ಆರು ತಿಂಗಳ ನಂತರ ಆ ಸಹಿಯನ್ನೇ ಎದುರಿಗೆ ಹಿಡಿಯುತ್ತಾರೆ. ಕಾನೂನಿನ ಪ್ರಕಾರ ಅದರಿಂದ ತನಿಖೆಯ ಬಾಗಿಲು ಮುಚ್ಚುವುದಿಲ್ಲ, ಆದರೆ ಕೆಲಸ ಕಷ್ಟವಾಗುತ್ತದೆ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ದಾರಿ ಬೇರೆ. ಅಲ್ಲಿ ಆತ್ಮಹತ್ಯೆಯಾಗಿರಲಿ, ಅನುಮಾನದ ಸಾವಾಗಿರಲಿ, ಸಂಬಂಧಿಕರು ಕೋರಿದ್ದಿರಲಿ, ಶವಪರೀಕ್ಷೆ ಆಗಲೇಬೇಕು. ಪಂಚನಾಮೆಯನ್ನು ಕಾರ್ಯನಿರ್ವಾಹಕ ದಂಡಾಧಿಕಾರಿ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರು, ನಡೆಸುತ್ತಾರೆ. ಬೆಂಗಳೂರು ಪೂರ್ವ ತಾಲ್ಲೂಕಿನ ಜನಕ್ಕೆ ಆ ಕಚೇರಿ ಇರುವುದು ಕೆ.ಆರ್. ಪುರದಲ್ಲಿ. ತವರಿನವರ ಹೇಳಿಕೆಯನ್ನು ಅಲ್ಲಿ ದಾಖಲಿಸಿಕೊಳ್ಳುತ್ತಾರೆ. ಅದನ್ನು ಓದಿ ನೋಡದೆ ಸಹಿ ಹಾಕಬಾರದು.

ಈಗ ವರದಿಗೆ ಬರೋಣ. ರಾಮಮೂರ್ತಿ ನಗರದ ಪ್ರಕರಣದ ಕಡತ ನ್ಯಾಯಾಲಯಕ್ಕೆ ಸೇರಿದ್ದು. ಓದುವ ಬಗೆಯನ್ನು ತಿಳಿಯಲು ನಾವೇ ಒಂದು ವರದಿಯನ್ನು ಕಲ್ಪಿಸಿಕೊಳ್ಳೋಣ. 42 ವರ್ಷದ ಗಂಡಸು, ಒಬ್ಬರೇ ಇದ್ದ ಮನೆ, ರಾತ್ರಿ ಮಲಗುವ ಕೋಣೆಯಲ್ಲಿ ಬೆಂಕಿ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ ಮರುದಿನ ಪರೀಕ್ಷೆ.

ಮೊದಲ ಪುಟದಲ್ಲಿ ಪಿಎಂ ಸಂಖ್ಯೆ, ಠಾಣೆ, ಯುಡಿಆರ್ ಸಂಖ್ಯೆ, ಶವ ಬಂದ ಹೊತ್ತು, ಪೊಲೀಸರ ಕೋರಿಕೆ ಪತ್ರ ಮತ್ತು ಪಂಚನಾಮೆ ಕೈಸೇರಿದ ಹೊತ್ತು, ಪರೀಕ್ಷೆ ಶುರುವಾದ ಮತ್ತು ಮುಗಿದ ಹೊತ್ತು ಇರುತ್ತವೆ. ಇದನ್ನು ಯಾರೂ ಓದುವುದಿಲ್ಲ. ಓದಬೇಕು. ಸುಟ್ಟ ಶವದ ಪೂರ್ತಿ ಪರೀಕ್ಷೆ ಇಪ್ಪತ್ತು ನಿಮಿಷದಲ್ಲಿ ಮುಗಿದಿದ್ದರೆ ತಲೆ, ಕುತ್ತಿಗೆ, ಎದೆ, ಹೊಟ್ಟೆ ಎಲ್ಲವನ್ನೂ ತೆರೆದು ನೋಡಿದರೇ ಎಂದು ಕೇಳುವ ಕಾರಣವಿದೆ. ರಾತ್ರಿ ಹೊತ್ತಿನ ಪರೀಕ್ಷೆಯ ವಿಷಯವೂ ಇಲ್ಲೇ ಕಾಣುತ್ತದೆ. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂರ್ಯಾಸ್ತದ ನಂತರವೂ ಶವಪರೀಕ್ಷೆಗೆ ಅವಕಾಶ ಕೊಟ್ಟಿತು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನದ ಸಾವು ಇವನ್ನು ರಾತ್ರಿ ಮಾಡಕೂಡದು, ಕಾನೂನು ಸುವ್ಯವಸ್ಥೆಯ ತುರ್ತು ಇದ್ದರಷ್ಟೇ ಬೇರೆ ಮಾತು ಎಂದು ಆ ಆದೇಶದಲ್ಲೇ ಇದೆ. ರಾತ್ರಿಯ ಪರೀಕ್ಷೆಗೆ ವಿಡಿಯೊ ಚಿತ್ರೀಕರಣ ಬೇಕೆಂದೂ ಇದೆ.

ಮುಂದಿನದು ಸಾವಿನ ಹೊತ್ತಿನ ಅಂದಾಜು. ಶವ ಎಷ್ಟು ಬಿಗಿದಿದೆ, ಚರ್ಮದಲ್ಲಿ ರಕ್ತ ಎಲ್ಲಿ ಇಳಿದು ಬಣ್ಣ ಕಟ್ಟಿದೆ ಎಂಬುದನ್ನು ನೋಡಿ ಇದನ್ನು ಹೇಳುತ್ತಾರೆ. ಸಾಮಾನ್ಯ ಶವದಲ್ಲೇ ಇದು ಗಂಟೆಗಳ ಅಂತರದ ಅಂದಾಜು. ನಿಮಿಷದ ಲೆಕ್ಕ ಯಾವ ವೈದ್ಯರೂ ಕೊಡಲಾರರು. ಬೆಂಕಿಯ ಶವದಲ್ಲಂತೂ ಶಾಖಕ್ಕೆ ಸ್ನಾಯು ತಾನಾಗಿಯೇ ಸೆಟೆಯುತ್ತದೆ, ಮೈಯ ಉಷ್ಣವೂ ಕೆಟ್ಟಿರುತ್ತದೆ. ಹಾಗಾಗಿ ‘ಹನ್ನೆರಡರಿಂದ ಹದಿನೆಂಟು ಗಂಟೆ ಹಿಂದೆ’ ಎಂಬ ಸಾಲನ್ನು ಹಿಡಿದುಕೊಂಡು, ಫೋನ್ ಕರೆಯ ಸಮಯಕ್ಕೆ ಹೊಂದುವುದಿಲ್ಲವೆಂದು ವಾದ ಕಟ್ಟಬಾರದು. ಸಾವಿನ ಹೊತ್ತಿಗೆ ಕೊನೆಯ ಫೋನ್ ಕರೆ, ಬಾಗಿಲಿನ ಸಿಸಿಟಿವಿ, ಬೆಂಕಿಯ ಕರೆ ಅಗ್ನಿಶಾಮಕ ಠಾಣೆಗೆ ಬಂದ ನಿಮಿಷ, ಇವೇ ಹೆಚ್ಚು ನಂಬಿಕೆಯ ಸಾಕ್ಷಿ.

ಆಮೇಲೆ ಹೊರಗಿನ ಗಾಯಗಳು. ನಮ್ಮ ಕಲ್ಪಿತ ವರದಿಯಲ್ಲಿ ಮುಖ, ಎದೆ, ಎರಡೂ ತೋಳು ಸುಟ್ಟಿವೆ, ಮೈಯ ಸುಮಾರು ಶೇಕಡಾ 35ರಷ್ಟು. ಕೈಗಳು ಮೊಣಕೈಯಲ್ಲಿ ಮಡಚಿ ಬಾಕ್ಸರ್ ನಿಂತ ಹಾಗೆ ಮುಂದೆ ಬಂದಿವೆ. ಮನೆಯವರು ಫೋಟೊ ನೋಡಿ, ಯಾರನ್ನೋ ತಡೆಯಲು ಕೈ ಎತ್ತಿದ್ದಾನೆ ಎನ್ನುತ್ತಾರೆ. ಅಲ್ಲ. ಶಾಖಕ್ಕೆ ಸ್ನಾಯು ಸಂಕುಚಿಸಿದಾಗ ಸತ್ತ ಮೇಲೂ ಈ ಭಂಗಿ ಬರುತ್ತದೆ. ಹಾಗೆಯೇ ಚರ್ಮ ಚಾಕುವಿನಿಂದ ಕೊಯ್ದಂತೆ ಸೀಳುವುದು, ಮೂಳೆ ಸಿಡಿಯುವುದು, ತಲೆಬುರುಡೆಯ ಒಳಗೆ ಚಾಕೊಲೇಟ್ ಬಣ್ಣದ, ಸ್ಪಂಜಿನಂಥ ರಕ್ತದ ಗೆಡ್ಡೆ ಕಟ್ಟುವುದು, ಇವೂ ಶಾಖದಿಂದಲೇ ಆಗಬಲ್ಲವು. ತಲೆಗೆ ಹೊಡೆದಿದ್ದಾರೆ ಎಂದು ಈ ಗೆಡ್ಡೆಯಿಂದ ಮನೆಯವರೂ ತನಿಖಾಧಿಕಾರಿಯೂ ತಪ್ಪು ತಿಳಿಯುವುದುಂಟು. ಶಾಖದ ಗೆಡ್ಡೆ ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ, ಹೊರಗೆ ಕರಕಲಾದ ಜಾಗದ ಕೆಳಗೆ ಇರುತ್ತದೆ. ಗೆಡ್ಡೆ ಇರುವ ಕಡೆ ನೆತ್ತಿ ಸುಟ್ಟಿಲ್ಲ, ಅಥವಾ ಪೊರೆಯ ಒಳಗೆ ರಕ್ತ ಕಟ್ಟಿದೆ ಎಂದರೆ ಆಗ ಪ್ರಶ್ನೆ ಗಂಭೀರ.

ಆದರೆ ಅದೇ ಪಟ್ಟಿಯಲ್ಲಿ ಒಂದು ಸಣ್ಣ ಸಾಲಿದೆ: ಕೆಳತುಟಿಯ ಒಳಮೈಯಲ್ಲಿ ಮೂರು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲದ ಕೆಂಪು ಕಂದಿದ ಗಾಯ, ಸಾವಿಗೆ ಮುಂಚಿನದು. ಬೆಂಕಿ ತುಟಿಯ ಒಳಗೆ ಇಂಥ ಗಾಯ ಮಾಡುವುದಿಲ್ಲ. ಕೈಯಿಂದಲೋ ದಿಂಬಿನಿಂದಲೋ ಬಾಯಿ ಅದುಮಿದಾಗ ತುಟಿ ತನ್ನದೇ ಹಲ್ಲಿಗೆ ಒತ್ತಿ ಕಂದುತ್ತದೆ. ಬಾಯಿ ಮೂಗು ಮುಚ್ಚಿ ಕೊಂದ ಸಾವಿನಲ್ಲಿ ಸಿಗುವ ಗುರುತು ಬಹಳ ಕಡಿಮೆ. ಕುತ್ತಿಗೆ ಹಿಚುಕಿಲ್ಲವಾದ್ದರಿಂದ ಕುತ್ತಿಗೆಯ ಹಯಾಯ್ಡ್ ಮೂಳೆ ಮುರಿಯದೆ ಇರುತ್ತದೆ. ಹಯಾಯ್ಡ್ ಮುರಿದಿಲ್ಲ ಎಂಬ ಸಾಲು ಕೊಲೆಯಲ್ಲ ಎಂದು ಹೇಳುವುದಿಲ್ಲ. ಕಣ್ಣಿನ ಒಳಗೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿ ಆ ತುಟಿಯ ಸಾಲು ಚಿನ್ನದಂಥದ್ದು. ಅದಕ್ಕೂ ಬೇರೆ ವಿವರಣೆ ಉಂಟು. ಆಸ್ಪತ್ರೆಯಲ್ಲಿ ಬದುಕಿಸಲು ಗಂಟಲಿಗೆ ಕೊಳವೆ ಹಾಕಿದ್ದರೆ ತುಟಿಗೆ ಪೆಟ್ಟಾಗಬಹುದು. ಆಂಬುಲೆನ್ಸಿನಲ್ಲಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಏನು ಮಾಡಿದರು ಎಂಬ ಕಾಗದವನ್ನು ತರಿಸಿ ಎಂದು ಕೇಳಬೇಕಾದದ್ದು ಇದಕ್ಕೇ. ನೇರವಾಗಿ ಶವಾಗಾರಕ್ಕೇ ತಂದಿದ್ದರೆ ಆ ವಿವರಣೆ ಬಿದ್ದುಹೋಗುತ್ತದೆ.

ಬೆಂಕಿಯ ಸಾವಿನಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಒಂದು: ಬೆಂಕಿ ಉರಿಯುತ್ತಿದ್ದಾಗ ಮನುಷ್ಯ ಉಸಿರಾಡುತ್ತಿದ್ದನೇ? ಉತ್ತರ ಎರಡು ಕಡೆ ಇರುತ್ತದೆ. ಮೊದಲನೆಯದು ಶ್ವಾಸನಾಳ. ಬಾಯಿ ಮೂಗಿನಲ್ಲಿ ಮಸಿ ಇದ್ದರೆ ಅದು ಗಾಳಿಯೊಡನೆ ಸತ್ತ ಮೇಲೂ ಕೂತಿರಬಹುದು. ಗಂಟಲ ಸ್ವರತಂತುಗಳ ಕೆಳಗೆ, ಶ್ವಾಸನಾಳದ ಒಳಗೋಡೆಗೆ ಲೋಳೆಯೊಂದಿಗೆ ಬೆರೆತು ಮಸಿ ಅಂಟಿದ್ದರೆ ಆತ ಹೊಗೆಯನ್ನು ಎಳೆದುಕೊಂಡಿದ್ದಾನೆ. ಎರಡನೆಯದು ರಕ್ತ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಬಹಳ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಪಾಲನ್ನು ಕಾರ್ಬಾಕ್ಸಿ ಹಿಮೋಗ್ಲೋಬಿನ್ ಎನ್ನುತ್ತಾರೆ. ಬೀಡಿ ಸಿಗರೇಟು ಸೇದುವವರಲ್ಲಿ ಅದು ಶೇಕಡಾ ಹತ್ತರವರೆಗೂ ಇರಬಹುದು. ಆರೋಗ್ಯವಂತ ವಯಸ್ಕರಲ್ಲಿ ಐವತ್ತು ದಾಟಿದರೆ ಸಾಮಾನ್ಯವಾಗಿ ಪ್ರಾಣಕ್ಕೆ ಸಾಕು; ಮುದುಕರಲ್ಲಿ, ಹೃದಯದ ತೊಂದರೆ ಇದ್ದವರಲ್ಲಿ ಅದಕ್ಕಿಂತ ಕಡಿಮೆಯೂ ಸಾಕು. ಈ ಅಂಕಿ ಬರಬೇಕಾದರೆ ಶವಪರೀಕ್ಷೆಯ ದಿನವೇ ರಕ್ತ ತೆಗೆದು ಸೀಲ್ ಮಾಡಿ ಕಳುಹಿಸಿರಬೇಕು. ವರದಿಯ ‘ಸಂರಕ್ಷಿಸಿದ ವಸ್ತುಗಳು’ ಎಂಬ ಭಾಗದಲ್ಲಿ ಅದು ಇದೆಯೇ ನೋಡಿ. ಇಲ್ಲದಿದ್ದರೆ ದೊಡ್ಡ ಕೊರತೆ. ಶವ ದಹನವಾದ ಮೇಲೆ ಅದನ್ನು ತುಂಬಲು ಸಾಧ್ಯವಿಲ್ಲ.

ಮಸಿ ಇಲ್ಲ, ಕಾರ್ಬಾಕ್ಸಿ ಹಿಮೋಗ್ಲೋಬಿನ್ ಐದು ಎಂದು ಬಂದರೆ, ಮುಚ್ಚಿದ ಕೋಣೆಯ ಬೆಂಕಿಯಲ್ಲಿ ಸಾಮಾನ್ಯವಾಗಿ ಅದರ ಅರ್ಥ ಬೆಂಕಿಗೆ ಮುಂಚೆಯೇ ಸಾವಾಗಿದೆ ಎಂದು. ‘ಸಾಮಾನ್ಯವಾಗಿ’ ಎಂದೆ. ಪೆಟ್ರೋಲ್ ಅಥವಾ ಗ್ಯಾಸ್ ಒಮ್ಮೆಲೇ ಭುಗಿಲೆದ್ದರೆ ಉಸಿರೆಳೆಯುವ ಮುಂಚೆಯೇ ಪ್ರಾಣ ಹೋಗಿ, ಅಂಕಿ ಕಡಿಮೆ ಇರಬಹುದು. ಮಸಿ ಇದೆ, ಅಂಕಿ ಅರವತ್ತು ಎಂದು ಬಂದರೆ ಆತ ಹೊಗೆಯಿಂದ ಸತ್ತಿದ್ದಾನೆ.

ಇಲ್ಲೇ ಮನೆಯವರು ಎಡವುವುದು. ಹೊಗೆಯಿಂದ ಸತ್ತ, ಅಂದರೆ ಆಕಸ್ಮಿಕ ಎಂದು ಅವರೇ ಮುಂದಿನ ಹೆಜ್ಜೆ ಇಟ್ಟುಬಿಡುತ್ತಾರೆ. ಮಸಿ ಹೇಳುವುದು ಬೆಂಕಿಯ ಹೊತ್ತಿಗೆ ಉಸಿರಿತ್ತು ಎಂಬುದನ್ನು ಮಾತ್ರ. ಆ ಬೆಂಕಿಯನ್ನು ಯಾರು ಹಚ್ಚಿದರು, ಆ ಹೊತ್ತಿಗೆ ಆತನಿಗೆ ಎಚ್ಚರವಿತ್ತೇ, ಎದ್ದು ಬಾಗಿಲಿಗೆ ಹೋಗಲು ಯಾಕೆ ಆಗಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಯಾರಾದರೂ ಬಾಯಿ ಅದುಮಿ ಪ್ರಜ್ಞೆ ತಪ್ಪಿಸಿ, ಸತ್ತನೆಂದು ತಿಳಿದು ಬೆಂಕಿ ಹಚ್ಚಿ ಓಡಿದರೆ, ಶವಪರೀಕ್ಷೆಯಲ್ಲಿ ಮಸಿಯೂ ಸಿಗುತ್ತದೆ, ಕಾರ್ಬಾಕ್ಸಿ ಹಿಮೋಗ್ಲೋಬಿನ್ನೂ ಏರಿರುತ್ತದೆ, ಸಾವು ಹೊಗೆಯಿಂದಲೇ ಆಗಿರುತ್ತದೆ. ಕೊಲೆಯೂ ಆಗಿರುತ್ತದೆ. ರಾಮಮೂರ್ತಿ ನಗರದ ಸುದ್ದಿ ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಾಧ್ಯತೆಯೇ. ‘ಉಸಿರುಗಟ್ಟಿ ಸಾವು’ ಎಂಬ ಒಂದೇ ಸಾಲು ಹೊಗೆಗೂ ಸಲ್ಲುತ್ತದೆ, ದಿಂಬಿಗೂ ಸಲ್ಲುತ್ತದೆ.

ಸಾವಿನ ಕಾರಣ ಬೇರೆ, ಸಾವಿನ ಬಗೆ ಬೇರೆ. ಕಾರಣವನ್ನು ವೈದ್ಯರು ಬರೆಯುತ್ತಾರೆ: ಉಸಿರುಗಟ್ಟಿದ್ದು, ರಕ್ತಸ್ರಾವ, ವಿಷ. ಕೊಲೆಯೋ ಆತ್ಮಹತ್ಯೆಯೋ ಆಕಸ್ಮಿಕವೋ ಎಂಬುದನ್ನು ತನಿಖೆ ಕಂಡುಹಿಡಿಯಬೇಕು, ನ್ಯಾಯಾಲಯ ತೀರ್ಮಾನಿಸಬೇಕು. ವೈದ್ಯರು ಕೊಲೆ ಎಂದು ಬರೆಯಲಿಲ್ಲವೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಹಾಗೆಯೇ ವರದಿಯಲ್ಲಿ ಕೊಲೆ ಎಂದಿಲ್ಲ, ಆದ್ದರಿಂದ ಪ್ರಕರಣ ಮುಗಿಯಿತು ಎಂದು ಠಾಣೆಯಲ್ಲಿ ಹೇಳಿದರೆ ಅದನ್ನೂ ಒಪ್ಪಬೇಕಿಲ್ಲ.

ಹಾಗಾದರೆ ಬಗೆಯನ್ನು ತೋರಿಸುವುದು ಏನು? ಬೆಂಕಿಯ ಮಟ್ಟಿಗೆ, ಆ ಕೋಣೆ. ಬೆಂಕಿ ಎಲ್ಲಿ ಶುರುವಾಯಿತು, ಒಂದೇ ಕಡೆಯೋ ಎರಡು ಕಡೆಯೋ, ಶಾರ್ಟ್ ಸರ್ಕ್ಯೂಟ್ ಎನ್ನುತ್ತಿದ್ದರೆ ಸುಟ್ಟ ವೈರಿನ ತುದಿ, ಎಂಸಿಬಿ, ಸ್ವಿಚ್ ಬೋರ್ಡ್ ಏನು ಹೇಳುತ್ತವೆ, ಹಾಸಿಗೆಯ ತುಣುಕಿನಲ್ಲಿ ಸೀಮೆಎಣ್ಣೆ ಪೆಟ್ರೋಲಿನ ಪತ್ತೆ ಇದೆಯೇ, ಕಿಟಕಿ ಬಾಗಿಲು ಹೇಗಿದ್ದವು, ಫೋನ್ ಎಲ್ಲಿದೆ. ಇದಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದವರೂ ವಿದ್ಯುತ್ ಪರಿವೀಕ್ಷಣಾಲಯದವರೂ ಬರಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂಬ ನಿಯಮವನ್ನು ಹೊಸ ಸಂಹಿತೆಯ 176ನೇ ಕಲಂ ತಂದಿದೆ. ಆದರೆ ಯುಡಿಆರ್ ಹಂತದಲ್ಲಿ ಕಾಗದದ ಮೇಲೆ ಅಪರಾಧವೇ ಇಲ್ಲ. ಹಾಗಾಗಿ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಕೋಣೆಯನ್ನು ಗುಡಿಸಿ ಬಣ್ಣ ಬಳಿಯುವ ಮುಂಚೆ ತಜ್ಞರನ್ನು ಕರೆಸಿ ಎಂದು ಮನೆಯವರು ಅದೇ ದಿನ ಬರಹದಲ್ಲಿ ಕೇಳುವುದು ಇದೇ ಕಾರಣಕ್ಕೆ ಬೆಲೆಯುಳ್ಳದ್ದು. ಬಾಡಿಗೆ ಮನೆಯಾದರೆ ಮಾಲೀಕರಿಗೂ ಅವಸರ ಇರುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಆ ‘ರಿಸರ್ವ್ಡ್’ ಸಾಲು. ಅದರ ಬೆಲೆ ಏನೆಂದು ಇದೇ ಪೂರ್ವ ಭಾಗದ ಇನ್ನೊಂದು ಪ್ರಕರಣ ತೋರಿಸಿತು. 2025ರ ಏಪ್ರಿಲ್‌ನಲ್ಲಿ ಮಾರತ್ತಹಳ್ಳಿ ಠಾಣೆಯ ವ್ಯಾಪ್ತಿಯಲ್ಲಿ ಯುವ ವೈದ್ಯೆಯೊಬ್ಬರು ತೀರಿಕೊಂಡರು. ಅನಾರೋಗ್ಯ ಎಂದು ತಿಳಿಯಲಾಗಿತ್ತು. ದಾಖಲಾಗಿದ್ದು ಅಸಹಜ ಸಾವಿನ ಪ್ರಕರಣ. ಅಂಗಾಂಶಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಸುಮಾರು ಆರು ತಿಂಗಳ ನಂತರ ಬಂದ ವರದಿಯಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆಗೆ ಬಳಸುವ ಪ್ರೊಪೊಫಾಲ್ ಎಂಬ ಔಷಧ ಅಂಗಗಳಲ್ಲಿ ಪತ್ತೆಯಾಗಿತ್ತು. ತಂದೆಯ ದೂರಿನ ಮೇಲೆ ಕೊಲೆ ಪ್ರಕರಣ ದಾಖಲಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ವೈದ್ಯನೇ ಆಗಿದ್ದ ಗಂಡನ ಬಂಧನವಾಯಿತು. ಅಲ್ಲಿಯೂ ತೀರ್ಪು ನ್ಯಾಯಾಲಯದ್ದು. ಆದರೆ ಶವಪರೀಕ್ಷೆಯೇ ಬೇಡವೆಂದು, ಅಥವಾ ಆ ಮಾದರಿಯ ಡಬ್ಬಿಗಳನ್ನು ಕಳುಹಿಸುವುದೇ ಬೇಡವೆಂದು ಆ ದಿನ ಎಲ್ಲರೂ ಒಪ್ಪಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಪ್ರೊಪೊಫಾಲ್ ಹೊರಗೆ ಗಾಯ ಉಳಿಸುವ ವಸ್ತುವಲ್ಲ. ಸೂಜಿಯ ಒಂದು ಚುಚ್ಚು, ಅಷ್ಟೇ.

ಆ ಡಬ್ಬಿಗಳಲ್ಲಿರುವ ಮಾದರಿಗೆ ‘ವಿಸೆರಾ’ ಎನ್ನುತ್ತಾರೆ. ಸಾಮಾನ್ಯವಾಗಿ ಜಠರ ಮತ್ತು ಅದರೊಳಗಿನ ಆಹಾರ, ಸಣ್ಣ ಕರುಳಿನ ಒಂದು ಭಾಗ, ಪಿತ್ತಜನಕಾಂಗದ ತುಂಡು, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ, ಮತ್ತು ರಕ್ತ. ಅಂಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿ, ರಕ್ತವನ್ನು ಫ್ಲೋರೈಡ್ ಬೆರೆಸಿ ಇಡುತ್ತಾರೆ. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಬೇರೆ ಸೀಸೆಯಲ್ಲಿ ಕಳುಹಿಸುತ್ತಾರೆ, ವಿಷ ಅದರಿಂದಲೇ ಬಂದದ್ದಲ್ಲ ಎಂದು ತೋರಿಸಲು. ತಪ್ಪು ಆಗುವುದು ಇಲ್ಲಿ. ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಇಡುವ ಫಾರ್ಮಲಿನ್‌ನಲ್ಲಿ ವಿಸೆರಾ ಹಾಕಿದರೆ ಹಲವು ವಿಷಗಳ ಪತ್ತೆ ಕೆಡುತ್ತದೆ. ಡಬ್ಬಿ ಠಾಣೆಯ ಮೂಲೆಯಲ್ಲಿ ವಾರಗಟ್ಟಲೆ ಕೂತರೆ ಅಂಗಾಂಶ ಕೊಳೆಯುತ್ತದೆ. ಮತ್ತೂ ಒಂದು: ಪ್ರಯೋಗಾಲಯ ಹುಡುಕುವುದು ಸಾಮಾನ್ಯ ವಿಷಗಳ ಪಟ್ಟಿಯನ್ನು. ‘ವಿಷ ಪತ್ತೆಯಾಗಿಲ್ಲ’ ಎಂಬುದರ ಅರ್ಥ, ಹುಡುಕಿದವುಗಳಲ್ಲಿ ಯಾವುದೂ ಸಿಗಲಿಲ್ಲ ಎಂದು. ಮನೆಯಲ್ಲಿ ಇಂಜೆಕ್ಷನ್ ಬಾಟಲಿ ಇತ್ತು, ಸತ್ತವರು ಇನ್ಸುಲಿನ್ ಹಾಕಿಕೊಳ್ಳುತ್ತಿದ್ದರು, ಗದ್ದೆಗೆ ಹೊಡೆಯುವ ಔಷಧದ ಡಬ್ಬ ಇತ್ತು ಎಂಬಂಥ ಮಾತು ತನಿಖಾಧಿಕಾರಿ ಪ್ರಯೋಗಾಲಯಕ್ಕೆ ಬರೆಯುವ ಪತ್ರದಲ್ಲಿ ಇದ್ದರೆ ಹುಡುಕಾಟದ ದಿಕ್ಕೇ ಬದಲಾಗುತ್ತದೆ. ಮನೆಯವರಿಗೆ ಗೊತ್ತಿರುವ ಇಂಥ ವಿವರವನ್ನು ಬರೆದು ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆಯಬೇಕು.

ಪ್ರಯೋಗಾಲಯದ ವರದಿ ಬಂದ ಮೇಲೆ ಅದು ತಾನಾಗಿ ಅಂತಿಮ ಅಭಿಪ್ರಾಯ ಆಗುವುದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ಕಾಗದ ಶವಪರೀಕ್ಷೆ ಮಾಡಿದ ವೈದ್ಯರ ಕೈಗೆ ವಾಪಸ್ ಹೋಗಬೇಕು. ಅವರು ತಮ್ಮ ಮೂಲ ಟಿಪ್ಪಣಿಯ ಜೊತೆ ಇಟ್ಟು ನೋಡಿ, ಸಾವಿನ ಅಂತಿಮ ಕಾರಣ ಬರೆದು ಕೊಡಬೇಕು. ಈ ನಡುವಿನ ಹಾದಿಯಲ್ಲಿ ವೈದ್ಯರಿಗೆ ವರ್ಗವಾಗುತ್ತದೆ, ತನಿಖಾಧಿಕಾರಿ ಬದಲಾಗುತ್ತಾರೆ, ಕಾಗದ ಠಾಣೆಯ ಕಪಾಟಿನಲ್ಲೇ ಉಳಿಯುತ್ತದೆ. ಆದ್ದರಿಂದ ಮನೆಯವರು ಠಾಣೆಗೆ ಹೋದಾಗ ‘ರಿಪೋರ್ಟ್ ಬಂತಾ ಸಾರ್?’ ಎಂದಷ್ಟೇ ಕೇಳಿದರೆ ಸಾಲದು. ವಿಸೆರಾ ಯಾವ ದಿನ ಕಳುಹಿಸಿದಿರಿ, ಪ್ರಯೋಗಾಲಯದ ಸ್ವೀಕೃತಿ ಸಂಖ್ಯೆ ಏನು, ವರದಿ ಬಂದಿದ್ದರೆ ಅಂತಿಮ ಅಭಿಪ್ರಾಯಕ್ಕೆ ವೈದ್ಯರಿಗೆ ಯಾವ ದಿನ ಪತ್ರ ಬರೆದಿರಿ ಎಂದು ಕೇಳಬೇಕು.

ವರದಿಯ ಪ್ರತಿ ಸಿಗುವ ಬಗೆ: ಹತ್ತಿರದ ಸಂಬಂಧಿಕರು ಠಾಣೆಗೂ ಆಸ್ಪತ್ರೆಗೂ ಬರಹದಲ್ಲಿ ಕೇಳಬಹುದು. ತನಿಖೆ ನಡೆಯುತ್ತಿರುವಾಗ ಮಾಹಿತಿ ಹಕ್ಕಿನ ಅರ್ಜಿಯನ್ನು, ತನಿಖೆಗೆ ಅಡ್ಡಿಯಾಗುತ್ತದೆ ಎಂದು 8ನೇ ಕಲಂ ಹಿಡಿದು ತಳ್ಳಿಹಾಕುವುದುಂಟು. ಎಫ್‌ಐಆರ್ ಆದ ಮೇಲೆ ಸ್ಥಿತಿ ಸುಧಾರಿಸುತ್ತದೆ: ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ, ದೋಷಾರೋಪ ಪಟ್ಟಿಯ ಜೊತೆಗಿನ ದಾಖಲೆಗಳು ವಕೀಲರನ್ನು ಇಟ್ಟುಕೊಂಡ ಸಂತ್ರಸ್ತರಿಗೂ ಸಿಗಬೇಕೆಂದು 230ನೇ ಕಲಂ ಹೇಳುತ್ತದೆ.

ಕಷ್ಟವಿರುವುದು ಅದಕ್ಕೂ ಮುಂಚಿನ ಹಂತದಲ್ಲಿ, ಯುಡಿಆರ್ ಮುಗಿಸುತ್ತೇವೆ ಎಂದು ಠಾಣೆ ಹೇಳಿದಾಗ. ಆಗ ನಮ್ಮ 42ರ ಗಂಡಸಿನ ಮನೆಯವರು ಏನು ಮಾಡಬಹುದು? ವರದಿಯ ಪ್ರತಿಯನ್ನು ವಿಧಿವೈದ್ಯಶಾಸ್ತ್ರ ಓದಿದ ಇನ್ನೊಬ್ಬ ವೈದ್ಯರಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಬಹುದು. ತುಟಿಯ ಒಳಗಿನ ಗಾಯಕ್ಕೆ ವಿವರಣೆ ಏನು, ಕಾರ್ಬಾಕ್ಸಿ ಹಿಮೋಗ್ಲೋಬಿನ್ ಎಷ್ಟು, ಬೆಂಕಿಯ ಮೂಲ ಎಲ್ಲಿ ಎಂಬ ಮೂರು ಪ್ರಶ್ನೆಯನ್ನು ತನಿಖಾಧಿಕಾರಿಗೆ ಬರೆದು ಕೊಡಬಹುದು. ಅವರು ಅದನ್ನು ವೈದ್ಯರಿಗೆ ಕಳುಹಿಸಿ ಉತ್ತರ ತರಿಸಿಕೊಳ್ಳಬಹುದು. ಸಂಜ್ಞೇಯ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಠಾಣೆ ಒಪ್ಪದಿದ್ದರೆ ಮೇಲಧಿಕಾರಿಗೆ, ಬೆಂಗಳೂರಿನಲ್ಲಿ ಡಿಸಿಪಿಯವರಿಗೆ, ಬರೆಯಬೇಕು. ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ 175ನೇ ಕಲಮಿನ ಮೂರನೇ ಉಪಕಲಮಿನಡಿ ಮ್ಯಾಜಿಸ್ಟ್ರೇಟ್ ಎದುರು ಹೋಗಬಹುದು.

ಎರಡನೇ ಶವಪರೀಕ್ಷೆಯೂ ಸಾಧ್ಯ, ಶವ ಇದ್ದರೆ. ಹೂತ ಶವವನ್ನು ದಂಡಾಧಿಕಾರಿಯ ಆದೇಶದಿಂದ ಹೊರತೆಗೆಯಲು 196ನೇ ಕಲಂ ಅವಕಾಶ ಕೊಡುತ್ತದೆ. ಅಂಥ ವಿಚಾರಣೆ ನಡೆಯುವಾಗ ಸಾಧ್ಯವಾದಲ್ಲೆಲ್ಲ ಹತ್ತಿರದ ಸಂಬಂಧಿಕರಿಗೆ ತಿಳಿಸಿ, ಹಾಜರಿರಲು ಬಿಡಬೇಕೆಂಬುದೂ ಅದೇ ಕಲಮಿನಲ್ಲಿದೆ. ಅನುಮಾನ ಉಳಿದಿದ್ದರೆ ದಹನದ ಬದಲು ಮಣ್ಣು ಮಾಡುವ ಬಗ್ಗೆ ಮನೆಯ ಹಿರಿಯರು ಶವಾಗಾರದ ಎದುರೇ ಒಂದು ಮಾತು ಆಡಿಕೊಳ್ಳಬೇಕು. ಸುಡುವುದೇ ಪದ್ಧತಿಯಾದ ಮನೆಗಳಲ್ಲಿ ಇದು ಹೇಳಲು ಕಷ್ಟದ ಮಾತು ಎಂದು ನನಗೆ ಗೊತ್ತು. ಮಣ್ಣಿನಲ್ಲಿ ದಿನ ಕಳೆದಂತೆ ಮೃದು ಅಂಗಾಂಶ ಕರಗುತ್ತದೆ, ತುಟಿಯ ಗಾಯದಂಥದ್ದು ಬೇಗ ಅಳಿಯುತ್ತದೆ. ಮೂಳೆಯ ಮುರಿತ, ಕೂದಲು ಉಗುರಿನಲ್ಲಿ ಉಳಿಯುವ ಆರ್ಸೆನಿಕ್‌ನಂಥ ಲೋಹದ ವಿಷ ಬಹುಕಾಲ ಸಿಗುತ್ತವೆ. ಎರಡನೇ ಪರೀಕ್ಷೆ ಮಾಡುವವರಿಗೆ ಮೊದಲಿನ ವರದಿ, ಫೋಟೊ, ವಿಡಿಯೊ ಎಲ್ಲವೂ ಬೇಕು. ಒಮ್ಮೆ ತೆರೆದ ದೇಹದಲ್ಲಿ ಯಾವುದು ಮೊದಲಿನ ಗಾಯ, ಯಾವುದು ಮೊದಲ ಪರೀಕ್ಷೆಯ ಕೊಯ್ತ ಎಂದು ಬೇರ್ಪಡಿಸಲು ಅವರಿಗಿರುವ ಆಧಾರ ಅವಷ್ಟೇ.